ಹಿಂದಟ್ಟದಿರುವ ನಿಯಮ: ಅಮೆರಿಕದಲ್ಲಿ ಒಡಂಬಡಿಕೆ ಮತ್ತು ರೂಢಿಯ ಚರಿತ್ರೆ

ಪ್ರಾಣಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ನೆಲಕ್ಕೆ ನಿರಾಶ್ರಿತರನ್ನು ಮರಳಿ ಕಳುಹಿಸಬಾರದು ಎಂಬ ಅಂತರರಾಷ್ಟ್ರೀಯ ಕಟ್ಟಲೆಗೆ ಹಿಂದಟ್ಟದಿರುವ ನಿಯಮ ಎನ್ನುತ್ತಾರೆ. ಕಾನೂನು ಗ್ರಂಥಗಳಲ್ಲಿ ಇದಕ್ಕೆ ಫ್ರೆಂಚ್ ಮೂಲದ 'ನಾನ್-ರಿಫೌಲ್‌ಮೆಂಟ್' ಎಂಬ ಹೆಸರು ರೂಢಿಯಲ್ಲಿದೆ. ಈ ನಿಯಮಕ್ಕೆ ಎರಡು ಬೇರುಗಳಿವೆ ಎನ್ನಲಾಗುತ್ತದೆ. ಒಂದು, ದೇಶಗಳು ಸಹಿ ಹಾಕಿ ಒಪ್ಪಿದ ಒಡಂಬಡಿಕೆ. ಇನ್ನೊಂದು, ಸಹಿ ಇರಲಿ ಬಿಡಲಿ, ದೇಶಗಳು ಕರ್ತವ್ಯವೆಂದು ತಿಳಿದು ಪಾಲಿಸುತ್ತ ಬಂದದ್ದರಿಂದ ಹುಟ್ಟಿದ ರೂಢಿ ಕಾನೂನು. ಅಮೆರಿಕದ ವಿಷಯಕ್ಕೆ ಬಂದಾಗ ಆಕರಗಳು ಗೊಂದಲ ಹುಟ್ಟಿಸುತ್ತವೆ. ನಿಯಮ ಎಲ್ಲ ದೇಶಗಳನ್ನೂ ಕಟ್ಟಿಹಾಕಿದೆ ಎಂದು ಒಂದು ಬಗೆಯ ಪುಸ್ತಕಗಳು ಹೇಳಿದರೆ, ಅಮೆರಿಕ 1951ರ ಒಪ್ಪಂದಕ್ಕೆ ಸೇರಲೇ ಇಲ್ಲವೆಂದು ಇನ್ನೊಂದು ಬಗೆಯವು ಕೈತೊಳೆದುಕೊಳ್ಳುತ್ತವೆ. ಎರಡೂ ಅರ್ಧ ಸರಿ. ವಾಷಿಂಗ್ಟನ್ ಮತ್ತು ಅಟ್ಲಾಂಟಾದ ನ್ಯಾಯಾಲಯಗಳಲ್ಲಿ ನಡೆದದ್ದನ್ನು ಅನುಕ್ರಮವಾಗಿ ನೋಡಿದರೆ ಮಾತ್ರ ಚಿತ್ರ ತಿಳಿಯಾಗುತ್ತದೆ.

ನಿಯಮದ ಹುಟ್ಟನ್ನು ಚುಟುಕಾಗಿ ಹೇಳಿದರೆ ಸಾಕು. 1933ರ ಜಿನೀವಾ ಒಪ್ಪಂದದಲ್ಲಿ ಅದು ಮೊದಲ ಬಾರಿಗೆ ಬರಹಕ್ಕಿಳಿಯಿತು, ಆದರೆ ಒಪ್ಪಿದ ದೇಶಗಳು ಬೆರಳೆಣಿಕೆಯವು. 1951ರ ನಿರಾಶ್ರಿತರ ಒಪ್ಪಂದದ 33ನೇ ವಿಧಿ ಅದಕ್ಕೆ ಇಂದಿನ ರೂಪ ಕೊಟ್ಟಿತು. ಅಮೆರಿಕ ಆ ಒಪ್ಪಂದಕ್ಕೆ ನೇರವಾಗಿ ಸೇರಲಿಲ್ಲ. 1968ರಲ್ಲಿ ಅದು 1967ರ ಪ್ರೋಟೋಕಾಲ್‌ಗೆ ಸೇರಿತು. ಮೂಲ ಒಪ್ಪಂದದ 2ರಿಂದ 34ರವರೆಗಿನ ವಿಧಿಗಳನ್ನು ಪಾಲಿಸಬೇಕೆಂದು ಪ್ರೋಟೋಕಾಲ್ ಹೇಳುವುದರಿಂದ, 33ನೇ ವಿಧಿ ಹಿಂಬಾಗಿಲಿನಿಂದ ಒಳಗೆ ಬಂದಂತಾಯಿತು. ಅದಕ್ಕೆ ದೇಶೀಯ ಕಾನೂನಿನ ಬಲ ಬಂದದ್ದು 1980ರ ನಿರಾಶ್ರಿತರ ಕಾಯ್ದೆಯಿಂದ. ಅಲ್ಲಿಯವರೆಗೆ ಅಟಾರ್ನಿ ಜನರಲ್ ಅವರ ವಿವೇಚನೆಗೆ ಬಿಟ್ಟಿದ್ದ ರಕ್ಷಣೆಯನ್ನು ಆ ಕಾಯ್ದೆ ಕಡ್ಡಾಯಗೊಳಿಸಿತು.

ರೂಢಿ ಕಾನೂನಿನ ಕಥೆ ಬೇರೆಯೇ ಆಗಿದೆ, ಅದರ ಮೂಲ ಒಂದು ಮೀನುಗಾರಿಕೆ ದೋಣಿ. 1898ರ ಸ್ಪೇನ್ ಯುದ್ಧದಲ್ಲಿ ಅಮೆರಿಕದ ನೌಕಾಪಡೆ ಕ್ಯೂಬಾದ ಕರಾವಳಿಯಲ್ಲಿ 'ಪಾಕೆಟೆ ಹವಾನಾ' ಮತ್ತು 'ಲೋಲಾ' ಎಂಬ ಎರಡು ದೋಣಿಗಳನ್ನು ಹಿಡಿದು ಹರಾಜು ಹಾಕಿತು. ಬಡ ಮೀನುಗಾರರ ದೋಣಿಗಳನ್ನು ಯುದ್ಧದಲ್ಲೂ ಮುಟ್ಟಬಾರದೆಂಬುದು ದೇಶಗಳ ಹಳೆಯ ರೂಢಿ, ಅಂತರರಾಷ್ಟ್ರೀಯ ಕಾನೂನು ನಮ್ಮ ಕಾನೂನಿನ ಭಾಗವೇ ಎಂದು 1900ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದರೆ ಅದೇ ತೀರ್ಪಿನಲ್ಲಿ ಒಂದು ಷರತ್ತೂ ಇತ್ತು: ಒಡಂಬಡಿಕೆ ಇಲ್ಲದಿರುವಲ್ಲಿ, ಕಾರ್ಯಾಂಗದ ಅಥವಾ ಶಾಸಕಾಂಗದ ನಿರ್ಣಾಯಕ ಕ್ರಮವಾಗಲಿ ನ್ಯಾಯಾಲಯದ ತೀರ್ಪಾಗಲಿ ಇಲ್ಲದಿರುವಲ್ಲಿ ಮಾತ್ರ ರೂಢಿಗೆ ಮೊರೆಹೋಗಬೇಕು. ಮೀನುಗಾರರನ್ನು ಕಾಪಾಡಿದ ತೀರ್ಪಿನ ಈ ಸಾಲು ಎಂಬತ್ತೈದು ವರ್ಷಗಳ ಬಳಿಕ ಅಟ್ಲಾಂಟಾದಲ್ಲಿ ನಿರಾಶ್ರಿತರಿಗೆ ಎದುರಾಗಿ ನಿಂತಿತು.

1980ರಲ್ಲಿ ಕ್ಯೂಬಾದ ಮಾರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಫ್ಲೋರಿಡಾಕ್ಕೆ ಬಂದರು. ಪ್ರವೇಶ ನಿರಾಕರಿಸಲ್ಪಟ್ಟವರಲ್ಲಿ ಹಲವರನ್ನು ಅಟ್ಲಾಂಟಾದ ಫೆಡರಲ್ ಸೆರೆಮನೆಯಲ್ಲಿ ಕೂಡಿಹಾಕಲಾಯಿತು. ಕ್ಯೂಬಾ ಅವರನ್ನು ವಾಪಸು ಪಡೆಯಲೊಲ್ಲದು, ಅಮೆರಿಕ ಬಿಡಲೊಲ್ಲದು. ಸೆರೆಗೆ ಅವಧಿಯೇ ಇಲ್ಲವಾಯಿತು. ಇಂಥ ಅನಿರ್ದಿಷ್ಟ ಬಂಧನ ರೂಢಿ ಕಾನೂನಿಗೆ ವಿರುದ್ಧ ಎಂದು 1985ರಲ್ಲಿ ಅಟ್ಲಾಂಟಾದ ಜಿಲ್ಲಾ ನ್ಯಾಯಾಧೀಶ ಮಾರ್ವಿನ್ ಶೂಬ್ ಒಪ್ಪಿಕೊಂಡರು. ಆದರೂ ಬಿಡುಗಡೆಗೆ ಆದೇಶಿಸಲಿಲ್ಲ. ಅಟಾರ್ನಿ ಜನರಲ್ ಅವರ ನಿರ್ಧಾರವೇ 'ನಿರ್ಣಾಯಕ ಕ್ರಮ', ಅದು ರೂಢಿಯನ್ನು ಬದಿಗೊತ್ತುತ್ತದೆ ಎಂದರು. 1986ರಲ್ಲಿ ಗಾರ್ಸಿಯಾ-ಮಿರ್ ಪ್ರಕರಣದಲ್ಲಿ ಅಟ್ಲಾಂಟಾದ ಹನ್ನೊಂದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದೇ ತೀರ್ಮಾನವನ್ನು ಎತ್ತಿಹಿಡಿಯಿತು. ಪ್ರಕರಣ ಬಂಧನಕ್ಕೆ ಸಂಬಂಧಿಸಿದ್ದು, ಹಿಂದಟ್ಟುವುದಕ್ಕಲ್ಲ. ಆದರೆ ಬರಿಯ ರೂಢಿಯನ್ನು ನೆಚ್ಚಿ ಅಮೆರಿಕದ ಕೋರ್ಟಿಗೆ ಹೋಗುವ ನಿರಾಶ್ರಿತನ ಸ್ಥಿತಿ ಏನಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ತೀರ್ಪು ಮತ್ತೊಂದಿಲ್ಲ. 1987ರ ನವೆಂಬರ್‌ನಲ್ಲಿ ಕ್ಯೂಬಾ ಕೆಲವರನ್ನು ವಾಪಸು ಪಡೆಯಲು ಒಪ್ಪಿತೆಂಬ ಸುದ್ದಿ ಬಂದಾಗ ಕೈದಿಗಳು ಸೆರೆಮನೆಯನ್ನೇ ವಶಕ್ಕೆ ತೆಗೆದುಕೊಂಡರು. ದಂಗೆ ಹನ್ನೊಂದು ದಿನ ನಡೆಯಿತು. ಮರಳಿ ಕಳುಹಿಸುವ ಮುನ್ನ ಒಬ್ಬೊಬ್ಬರ ಪ್ರಕರಣವನ್ನೂ ಬೇರೆಬೇರೆಯಾಗಿ ಪರಿಶೀಲಿಸಲಾಗುವುದು ಎಂಬ ಭರವಸೆ ಸಿಕ್ಕಮೇಲೆಯೇ ಅದು ತಣ್ಣಗಾದದ್ದು.

ಹಾಗಾದರೆ ಒಡಂಬಡಿಕೆಯನ್ನು ನೆಚ್ಚಿದವರಿಗೆ ಏನು ಸಿಕ್ಕಿತು? ಉತ್ತರ ಹೈಟಿಯವರ ಪ್ರಕರಣದಲ್ಲಿದೆ. 1981ರಲ್ಲಿ ಅಧ್ಯಕ್ಷ ರೇಗನ್, ಹೈಟಿಯ ಡುವಾಲಿಯರ್ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು, ಅಲ್ಲಿಂದ ಬರುವ ದೋಣಿಗಳನ್ನು ನಡುಗಡಲಲ್ಲೇ ತಡೆಯಲು ಕರಾವಳಿ ಪಡೆಗೆ ಆದೇಶಿಸಿದರು. ನಿರಾಶ್ರಿತರೆಂದು ತೋರಿದವರನ್ನು ಮರಳಿಸಬಾರದೆಂಬ ಷರತ್ತೇನೋ ಇತ್ತು. ವಲಸೆ ಅಧಿಕಾರಿಗಳು ಹಡಗಿನ ಅಟ್ಟದ ಮೇಲೆಯೇ ದುಭಾಷಿಯ ಮೂಲಕ ನಾಲ್ಕಾರು ಪ್ರಶ್ನೆ ಕೇಳಿ ತೀರ್ಮಾನಿಸುತ್ತಿದ್ದರು. ದಿನಗಟ್ಟಲೆ ದೋಣಿಯಲ್ಲಿ ಕಳೆದು ಬಂದವರು, ಪಕ್ಕದಲ್ಲಿ ವಕೀಲರಿಲ್ಲದೆ, ಸಮವಸ್ತ್ರದವರ ಮುಂದೆ ತಮ್ಮ ಭಯವನ್ನು ಬಾಯಿಬಿಟ್ಟು ಹೇಳಬೇಕಿತ್ತು. 1981ರಿಂದ 1990ರವರೆಗೆ ತಡೆಯಲಾದ 22,940 ಹೈಟಿಯನ್ನರಲ್ಲಿ ಅಮೆರಿಕದಲ್ಲಿ ಆಶ್ರಯಕ್ಕೆ ಅರ್ಜಿ ಹಾಕಲು ಅರ್ಹರೆನಿಸಿದವರು 11 ಮಂದಿ. ಪರಿಶೀಲನೆ ಹೆಸರಿಗಷ್ಟೇ ಇತ್ತು ಎಂದು ತಿಳಿಯಲು ಈ ಎರಡು ಅಂಕಿಗಳೇ ಸಾಕು. ಇದನ್ನು ಪ್ರಶ್ನಿಸಿದ ದಾವೆಯನ್ನು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 1987ರಲ್ಲಿ, ಅರ್ಜಿದಾರರಿಗೆ ದಾವೆ ಹೂಡುವ ಹಕ್ಕೇ ಇಲ್ಲವೆಂದು ತಳ್ಳಿಹಾಕಿತು.

1991ರ ಸೆಪ್ಟೆಂಬರ್ 30ರಂದು ಹೈಟಿಯ ಚುನಾಯಿತ ಅಧ್ಯಕ್ಷ ಅರಿಸ್ಟಿಡ್ ಅವರನ್ನು ಸೇನೆ ಕೆಳಗಿಳಿಸಿತು. ಮುಂದಿನ ಆರು ತಿಂಗಳಲ್ಲಿ ಕರಾವಳಿ ಪಡೆ ತಡೆದವರ ಸಂಖ್ಯೆ 34,000 ದಾಟಿತು. ಆ ಡಿಸೆಂಬರ್‌ನಲ್ಲಿ ಅಟ್ಲಾಂಟಾದ ನ್ಯಾಯಾಲಯ ಒಂದು ಮುಖ್ಯ ಮಾತು ಹೇಳಿತು: 33ನೇ ವಿಧಿ ತಾನಾಗಿಯೇ ಜಾರಿಯಾಗುವಂಥದ್ದಲ್ಲ, ಕಾಂಗ್ರೆಸ್ ಅದಕ್ಕೆ ಕಾಯ್ದೆಯ ರೂಪ ಕೊಟ್ಟಷ್ಟು ಮಾತ್ರ ಕೋರ್ಟಿನಲ್ಲಿ ನಡೆಯುತ್ತದೆ. 1992ರ ಮೇ 24ರಂದು ಅಧ್ಯಕ್ಷ ಬುಷ್ ಹಡಗಿನ ಮೇಲಿನ ಆ ತೆಳು ಪರಿಶೀಲನೆಯನ್ನೂ ತೆಗೆದುಹಾಕಿದರು. ಹಿಡಿದವರನ್ನೆಲ್ಲ ನೇರವಾಗಿ ಹೈಟಿಗೆ ಮರಳಿಸಲಾಯಿತು. ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಇದು ತಪ್ಪೆಂದಿತು. ಎರಡು ನ್ಯಾಯಾಲಯಗಳ ಈ ಭಿನ್ನಮತವೇ ವಿವಾದವನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು.

1993ರ ಜೂನ್ 21ರ ಸೇಲ್ ತೀರ್ಪು ಈ ಇಡೀ ಚರಿತ್ರೆಯ ತಿರುವು. ಎಂಟು ನ್ಯಾಯಮೂರ್ತಿಗಳ ಪರವಾಗಿ ಬರೆದ ಸ್ಟೀವನ್ಸ್, ಒಂದು ಪದದ ಮೇಲೆ ಬಹಳ ಭಾರ ಹಾಕಿದರು. 33ನೇ ವಿಧಿಯ ಇಂಗ್ಲಿಷ್ ಪಾಠದಲ್ಲಿ 'ಮರಳಿಸು' ಎಂಬ ಪದದ ಪಕ್ಕದಲ್ಲೇ ಫ್ರೆಂಚಿನ 'ರಿಫೂಲೆ' ಎಂಬ ಪದವಿದೆ. ಅವರು ನೋಡಿದ ನಿಘಂಟುಗಳಲ್ಲಿ ಆ ಪದಕ್ಕೆ ಹಿಮ್ಮೆಟ್ಟಿಸು, ತಳ್ಳು ಎಂಬಂಥ ಅರ್ಥಗಳಿದ್ದವು, 'ಮರಳಿಸು' ಎಂಬುದು ಇರಲಿಲ್ಲ. ಆದ್ದರಿಂದ ವಿಧಿ ಗಡಿಗೆ ಬಂದು ನಿಂತವರನ್ನು ತಡೆಯುವುದಕ್ಕೆ ಅನ್ವಯಿಸುತ್ತದೆಯೇ ಹೊರತು, ನಡುಗಡಲಲ್ಲಿ ಹಿಡಿದವರಿಗಲ್ಲ ಎಂದರು. ಅವರ ಎರಡನೇ ವಾದ ಹೆಚ್ಚು ಗಟ್ಟಿಯಾದದ್ದು. ದೇಶದ ಭದ್ರತೆಗೆ ಅಪಾಯಕಾರಿಯಾದವರಿಗೆ ರಕ್ಷಣೆ ಇಲ್ಲ ಎಂಬ ಉಪವಿಧಿ 'ಅವರಿರುವ ದೇಶ' ಎಂದೇ ಹೇಳುತ್ತದೆ. ಮೂಲ ರಕ್ಷಣೆ ಕಡಲಿಗೂ ಹಬ್ಬಿದ್ದರೆ, ಕಡಲಲ್ಲಿರುವ ಅಪಾಯಕಾರಿಗೆ ರಕ್ಷಣೆ ಸಿಕ್ಕಿ ನೆಲದ ಮೇಲಿರುವವನಿಗೆ ತಪ್ಪುತ್ತದೆ, ಅಂಥ ವಿಪರ್ಯಾಸವನ್ನು ಬರೆದವರು ಉದ್ದೇಶಿಸಿರಲಾರರು ಎಂಬುದು ಅದರ ತಿರುಳು. ಒಬ್ಬರೇ ಭಿನ್ನಮತ ಬರೆದ ಬ್ಲ್ಯಾಕ್‌ಮನ್, ಸರಳ ಪದಗಳಿಗೆ ಸರಳ ಅರ್ಥ ಕೊಡಿ, ಮರಳಿಸಬೇಡಿ ಎಂದರೆ ಮರಳಿಸಬೇಡಿ ಎಂದೇ ಎಂದು ವಾದಿಸಿದರು. ಪದಾರ್ಥದ ಮಟ್ಟಿಗೆ ಬ್ಲ್ಯಾಕ್‌ಮನ್ ಅವರ ಓದೇ ಹೆಚ್ಚು ಒಪ್ಪುವಂಥದ್ದು: ವಿಧಿಯಲ್ಲಿ ನೆಲದ ಮಿತಿ ಬರೆದಿಲ್ಲ. ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವನ್ನು ಹಲವು ಆಕರಗಳು ಬಿಟ್ಟುಬಿಡುತ್ತವೆ. ಬಹುಮತದ ತೀರ್ಪು ಒಡಂಬಡಿಕೆ ಮತ್ತು ಕಾಯ್ದೆಯನ್ನು ಮಾತ್ರ ವ್ಯಾಖ್ಯಾನಿಸಿತು. ರೂಢಿ ಕಾನೂನಿನ ಪ್ರಶ್ನೆಯನ್ನು ತೀರ್ಮಾನಿಸಲಿಲ್ಲ. ಸೇಲ್ ತೀರ್ಪು ರೂಢಿಯನ್ನು ನಿರಾಕರಿಸಿತು ಎನ್ನುವುದು ತಪ್ಪು.

ನಾಲ್ಕು ವರ್ಷಗಳ ನಂತರ ಅದೇ ವಾಷಿಂಗ್ಟನ್ ನಗರದಿಂದಲೇ ಉಲ್ಟಾ ತೀರ್ಮಾನ ಬಂತು. ಅಮೆರಿಕ ರಾಷ್ಟ್ರಗಳ ಸಂಘಟನೆಯ ಮಾನವ ಹಕ್ಕುಗಳ ಆಯೋಗ 1997ರ ಮಾರ್ಚ್ 13ರಂದು, 33ನೇ ವಿಧಿಗೆ ಭೌಗೋಳಿಕ ಮಿತಿ ಇಲ್ಲವೆಂದಿತು. ಅದು ಆಧಾರವಾಗಿ ಹಿಡಿದದ್ದು 1948ರ ಅಮೆರಿಕ ಘೋಷಣೆಯನ್ನು, ಅಂದರೆ ಒಡಂಬಡಿಕೆಯೇ ಅಲ್ಲದ ದಾಖಲೆಯನ್ನು. ನಡುಗಡಲಲ್ಲಿ ತಡೆಯದಿದ್ದರೆ ಹೈಟಿಯವರು ಜಮೈಕಾ, ಬಹಾಮಾಸ್ ಮೊದಲಾದ ಬೇರೆ ನೆಲಗಳಲ್ಲಾದರೂ ಆಶ್ರಯ ಕೇಳಬಹುದಿತ್ತು, ಆ ಹಕ್ಕನ್ನೂ ಅಮೆರಿಕ ಕಿತ್ತುಕೊಂಡಿತು ಎಂಬ ಅದರ ಅವಲೋಕನ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಎಲ್ಲೂ ಇಲ್ಲದ್ದು. ಅಮೆರಿಕ ಈ ಘೋಷಣೆ ತನ್ನನ್ನು ಕಾನೂನಿನಂತೆ ಬಂಧಿಸುವುದಿಲ್ಲ ಎನ್ನುತ್ತದೆ.

ರೂಢಿ ನಿಜಕ್ಕೂ ಇದೆಯೇ ಎಂಬುದರ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ. 2001ರಲ್ಲಿ ಒಪ್ಪಂದದ ಸದಸ್ಯ ದೇಶಗಳೇ ಸೇರಿ, ನಿಯಮ ರೂಢಿ ಕಾನೂನಿನಲ್ಲಿ ಬೇರೂರಿದೆ ಎಂದು ಘೋಷಿಸಿದವು. ಗೈ ಗುಡ್‌ವಿನ್-ಗಿಲ್ ಅವರಂಥವರು ಇದನ್ನು ಒಪ್ಪುತ್ತಾರೆ. ಜೇಮ್ಸ್ ಹ್ಯಾಥವೇ ಒಪ್ಪುವುದಿಲ್ಲ: ದೇಶಗಳು ಬಾಯಲ್ಲಿ ಒಂದು ಹೇಳಿ ಗಡಿಯಲ್ಲಿ ಇನ್ನೊಂದು ಮಾಡುವಾಗ ರೂಢಿ ಹುಟ್ಟುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆ. ಮುರಿಯುವ ದೇಶವೂ ತನ್ನ ಕೃತ್ಯಕ್ಕೆ ನೆಪ ಹುಡುಕಿದರೆ ಅದರಿಂದ ನಿಯಮ ಬಲಗೊಳ್ಳುತ್ತದೆಯೇ ಹೊರತು ಕುಂದುವುದಿಲ್ಲ ಎಂಬ, ಅಂತರರಾಷ್ಟ್ರೀಯ ನ್ಯಾಯಾಲಯದ 1986ರ ನಿಕರಾಗುವಾ ತೀರ್ಪಿನ ತತ್ವವೇ ಹ್ಯಾಥವೇ ಅವರಿಗೆ ಸಿಗುವ ಮುಖ್ಯ ಉತ್ತರ. ಈ ಜಗಳ ಭಾರತಕ್ಕೆ ತೀರ ಹತ್ತಿರದ್ದು. ಭಾರತ 1951ರ ಒಪ್ಪಂದಕ್ಕಾಗಲಿ ಪ್ರೋಟೋಕಾಲ್‌ಗಾಗಲಿ ಸೇರಿಲ್ಲ. ಬೈಲುಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರಿಗೆ ಆ ಒಪ್ಪಂದದ ರಕ್ಷೆ ಇಲ್ಲ. ಇಲ್ಲಿನ ಹೈಕೋರ್ಟುಗಳು ಸಂವಿಧಾನದ 21ನೇ ವಿಧಿಯೊಳಗೆ ಈ ನಿಯಮವನ್ನು ಕಂಡದ್ದುಂಟು. ಆದರೆ 2021ರ ಏಪ್ರಿಲ್‌ನಲ್ಲಿ ರೊಹಿಂಗ್ಯಾಗಳ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ಗಡೀಪಾರಿಗೆ ತಡೆ ಕೊಡಲಿಲ್ಲ.

ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಕೆಲಸ ಮಾಡಿದ್ದು ರೂಢಿಯೂ ಅಲ್ಲ, ಬರಿಯ ಒಡಂಬಡಿಕೆಯೂ ಅಲ್ಲ, ರಕ್ಷಣೆಯನ್ನು ಕಡ್ಡಾಯಗೊಳಿಸಿದ 1980ರ ಕಾಯ್ದೆಯ ಆ ಒಂದು ಕಲಮು. ಕೋವಿಡ್ ಕಾರಣ ನೀಡಿ ಗಡಿಯಿಂದ ಕುಟುಂಬಗಳನ್ನು ಹೊರಹಾಕುವ ಆದೇಶವನ್ನು 2022ರ ಮಾರ್ಚ್ 4ರಂದು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಪರಿಶೀಲಿಸಿತು. ಹೊರಹಾಕಬಹುದು, ಆದರೆ ಕಿರುಕುಳವೋ ಚಿತ್ರಹಿಂಸೆಯೋ ಕಾದಿರುವ ಜಾಗಕ್ಕಲ್ಲ ಎಂದು ಗೆರೆ ಎಳೆಯಿತು. ಈ ರಕ್ಷಣೆಗೂ ಒಂದು ಇಕ್ಕಟ್ಟಿದೆ. ಅದು ನಿರ್ದಿಷ್ಟ ದೇಶಕ್ಕೆ ಕಳುಹಿಸುವುದನ್ನಷ್ಟೇ ತಡೆಯುತ್ತದೆ, ಗಡೀಪಾರಿನ ಆದೇಶ ಹಾಗೆಯೇ ಉಳಿಯುತ್ತದೆ. ಈ ರಕ್ಷಣೆ ಕೋರಿ ವರ್ಜೀನಿಯಾದಲ್ಲಿ ಬಂಧನದಲ್ಲಿದ್ದವರ ಪ್ರಕರಣದಲ್ಲಿ ನಾಲ್ಕನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಅವರಿಗೆ ಜಾಮೀನು ವಿಚಾರಣೆ ಸಲ್ಲಬೇಕೆಂದಿತ್ತು. 2021ರಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣ ಕೊಟ್ಟು ಅದನ್ನು ರದ್ದುಮಾಡಿತು.

2019ರಲ್ಲಿ ಮೇರಿಲ್ಯಾಂಡಿನ ಒಬ್ಬ ನಿವಾಸಿಯನ್ನು ಎಲ್ ಸಾಲ್ವಡಾರ್‌ಗೆ ಮಾತ್ರ ಕಳುಹಿಸಬಾರದೆಂದು ವಲಸೆ ನ್ಯಾಯಾಧೀಶರು ಇದೇ ಕಲಮಿನಡಿ ಆದೇಶಿಸಿದ್ದರು. 2025ರ ಮಾರ್ಚ್ 15ರಂದು ಆತನನ್ನು ಅಲ್ಲಿಗೇ ಕಳುಹಿಸಲಾಯಿತು. ಅದು ಆಡಳಿತಾತ್ಮಕ ತಪ್ಪು ಎಂದು ಸರ್ಕಾರ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಆ ಗಡೀಪಾರು ಕಾನೂನುಬಾಹಿರವೆಂದು ಸರ್ಕಾರವೇ ಒಪ್ಪಿದೆ ಎಂದು ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ದಾಖಲಿಸಿತು. ಜೂನ್ 6ರಂದು ಆತನನ್ನು ಅಮೆರಿಕಕ್ಕೆ ವಾಪಸು ಕರೆತರಲಾಯಿತು.