ಬಂಡವಾಳ ವೆಚ್ಚ ಮತ್ತು ರಾಜಸ್ವ ವೆಚ್ಚ: ಸಣ್ಣ ಕಾರ್ಯಾಗಾರಗಳ ಮಾಲೀಕರಿಗೆ ಮಾಹಿತಿ

ಸಾಲ, ಸಹಾಯಧನ ಅಥವಾ ಉದ್ಯಮ ನೋಂದಣಿಗೆ ಅರ್ಜಿ ಸಲ್ಲಿಸುವ ಸಣ್ಣ ಘಟಕಗಳ ಲೆಕ್ಕಪತ್ರಗಳಲ್ಲಿ ಪದೇ ಪದೇ ಕಂಡುಬರುವ ದೋಷವೊಂದಿದೆ. ಯಂತ್ರಕ್ಕೆ ತಗಲಿದ ವೆಚ್ಚವನ್ನು ಆಯಾ ವರ್ಷದ ಖರ್ಚಿಗೆ ಸೇರಿಸುವುದು, ಇಲ್ಲವೇ ದುರಸ್ತಿಯ ಖರ್ಚನ್ನು ಯಂತ್ರದ ಬೆಲೆಗೆ ಸೇರಿಸುವುದೇ ಆ ದೋಷ. ಇದರಿಂದ ಲಾಭ ತಪ್ಪಾಗಿ ಕಾಣುತ್ತದೆ ಹಾಗೂ ಮರುಪಾವತಿಯ ಸಾಮರ್ಥ್ಯದ ಅಂದಾಜೂ ತಪ್ಪುತ್ತದೆ. ಈ ಎರಡು ವೆಚ್ಚಗಳನ್ನು ಪ್ರತ್ಯೇಕಿಸುವ ವಿಧಾನವನ್ನು ಇಲ್ಲಿ ಉದಾಹರಣೆಯೊಂದಿಗೆ ವಿವರಿಸಲಾಗಿದೆ.

1. ವ್ಯತ್ಯಾಸವೇನು?

ಹಲವು ವರ್ಷ ಉಪಯೋಗಕ್ಕೆ ಬರುವ ಆಸ್ತಿಯನ್ನು ಪಡೆಯಲು, ಅದನ್ನು ಬಳಕೆಗೆ ಸಿದ್ಧಗೊಳಿಸಲು ಅಥವಾ ಅದರ ಸಾಮರ್ಥ್ಯವನ್ನು ಹೆಚ್ಚಿಸಲು ಮಾಡುವ ವೆಚ್ಚವು ಬಂಡವಾಳ ವೆಚ್ಚವಾಗಿರುತ್ತದೆ. ಇರುವ ಆಸ್ತಿಯನ್ನು ಇದ್ದ ಸ್ಥಿತಿಯಲ್ಲಿಯೇ ಕಾಪಾಡಿಕೊಳ್ಳಲು ಹಾಗೂ ದಿನನಿತ್ಯದ ಕೆಲಸ ನಡೆಸಲು ಮಾಡುವ ವೆಚ್ಚವು ರಾಜಸ್ವ ವೆಚ್ಚವಾಗಿರುತ್ತದೆ. ರಾಜಸ್ವ ವೆಚ್ಚವನ್ನು ಆಯಾ ವರ್ಷದ ಆದಾಯದಿಂದ ಪೂರ್ಣವಾಗಿ ಕಳೆಯಲಾಗುತ್ತದೆ. ಬಂಡವಾಳ ವೆಚ್ಚವನ್ನು ಆಸ್ತಿಯ ಬೆಲೆಯಾಗಿ ಇಟ್ಟು, ಪ್ರತಿ ವರ್ಷ ಸವಕಳಿಯ ರೂಪದಲ್ಲಿ ಸ್ವಲ್ಪ ಸ್ವಲ್ಪವಾಗಿ ಕಳೆಯಲಾಗುತ್ತದೆ.

ಮೊತ್ತ ದೊಡ್ಡದೇ ಚಿಕ್ಕದೇ ಎಂಬುದರಿಂದ ಮಾತ್ರವೇ ಇದು ತೀರ್ಮಾನವಾಗುವುದಿಲ್ಲ. ಹಣವು ಯಾವ ಕೆಲಸಕ್ಕೆ ಸಂದಿತು ಮತ್ತು ಯಾವಾಗ ಸಂದಿತು ಎಂಬುದನ್ನು ನೋಡತಕ್ಕದ್ದು. ಒಂದೇ ಬೇರಿಂಗ್‌ನ ಬೆಲೆ ಒಂದು ಸಂದರ್ಭದಲ್ಲಿ ಬಂಡವಾಳ ವೆಚ್ಚವೂ ಇನ್ನೊಂದು ಸಂದರ್ಭದಲ್ಲಿ ರಾಜಸ್ವ ವೆಚ್ಚವೂ ಆಗುವುದುಂಟು.

2. ಉದಾಹರಣೆ: ಹಲಗೂರಿನ ಒಂದು ಕಾರ್ಯಾಗಾರ

ಮಳವಳ್ಳಿ–ಕನಕಪುರ ರಸ್ತೆಯಲ್ಲಿರುವ ಹಲಗೂರಿನಲ್ಲಿ ಟ್ರ್ಯಾಕ್ಟರ್ ನೇಗಿಲು, ಕಲ್ಟಿವೇಟರ್ ಮತ್ತು ಕಬ್ಬು ಸಾಗಿಸುವ ಟ್ರೈಲರ್‌ಗಳನ್ನು ರಿಪೇರಿ ಮಾಡುವ ಒಂದು ಕಾರ್ಯಾಗಾರವಿದೆ ಎಂದು ಭಾವಿಸಿಕೊಳ್ಳಬಹುದು. ಅದರ ಮಾಲೀಕರು 2024ರಲ್ಲಿ ಒಂದು ಹಳೆಯ ಲೇತ್ ಯಂತ್ರವನ್ನು ಬೆಂಗಳೂರಿನಿಂದ ತರಿಸುತ್ತಾರೆ. ಅದಕ್ಕೆ ತಗಲಿದ ವೆಚ್ಚ ಈ ಕೆಳಕಂಡಂತಿದೆ.

| ವಿವರ | ರೂ. |
|---|---|
| ಲೇತ್ ಯಂತ್ರದ ಖರೀದಿ ಬೆಲೆ | 2,40,000 |
| ಲಾರಿ ಬಾಡಿಗೆ, ಏರಿಸಿ ಇಳಿಸಿದ ಕೂಲಿ | 12,000 |
| ಕಾಂಕ್ರೀಟ್ ಅಡಿಪಾಯ | 18,000 |
| ವೈರಿಂಗ್ ಮತ್ತು ಜೋಡಣೆ | 10,000 |
| ಬಳಕೆಗೆ ಮುನ್ನ ಬದಲಿಸಿದ ಬೇರಿಂಗ್, ಬೆಲ್ಟ್ | 20,000 |
| ಒಟ್ಟು | 3,00,000 |

ಈ ಐದೂ ಬಾಬ್ತುಗಳು ಬಂಡವಾಳ ವೆಚ್ಚವೇ ಆಗಿರುತ್ತವೆ. ಕೊನೆಯ ಬಾಬ್ತಿನಲ್ಲಿ ಹೆಚ್ಚಿನ ಮಾಲೀಕರು ತಪ್ಪುತ್ತಾರೆ. ಬೇರಿಂಗ್ ಬದಲಿಸುವುದು ದುರಸ್ತಿಯಂತೆ ಕಂಡರೂ, ಈ ಯಂತ್ರವು ಈ ಕಾರ್ಯಾಗಾರದಲ್ಲಿ ಅದುವರೆಗೆ ಒಂದು ದಿನವೂ ಕೆಲಸ ಮಾಡಿರಲಿಲ್ಲ. ಅದನ್ನು ಕೆಲಸಕ್ಕೆ ಯೋಗ್ಯವಾಗಿಸಲು ಮಾಡಿದ ವೆಚ್ಚವು ಯಂತ್ರದ ಬೆಲೆಯ ಭಾಗವೇ ಆಗುತ್ತದೆ.

ಯಂತ್ರವು 10-7-2024ರಿಂದ ಬಳಕೆಗೆ ಬಂದಿತೆಂದಿಟ್ಟುಕೊಂಡರೆ, ಆದಾಯ ತೆರಿಗೆ ನಿಯಮಗಳಂತೆ ಸಾಮಾನ್ಯ ಯಂತ್ರೋಪಕರಣಗಳಿಗೆ ಅನ್ವಯಿಸುವ ಶೇ. 15ರ ದರದಲ್ಲಿ 2024-25ರ ಸವಕಳಿ ರೂ. 45,000 ಆಗುತ್ತದೆ. ಉಳಿಯುವ ಬೆಲೆ ರೂ. 2,55,000.

ಈ ವೆಚ್ಚ ಮತ್ತು ಸವಕಳಿಯನ್ನು ಲೆಕ್ಕಿಸುವ ಮುನ್ನ ಆ ವರ್ಷದ ಲಾಭ ರೂ. 4,50,000 ಇತ್ತೆಂದು ಭಾವಿಸಿದರೆ, ಸರಿಯಾದ ಲಾಭ ರೂ. 4,05,000 ಆಗುತ್ತದೆ. ಮಾಲೀಕರು ಪೂರ್ತಿ ರೂ. 3,00,000ವನ್ನು ಖರ್ಚಿಗೆ ಹಾಕಿದ್ದರೆ ಲಾಭ ರೂ. 1,50,000 ಮಾತ್ರ ಕಾಣುತ್ತಿತ್ತು. ಮುಂದೆ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ನೋಡುವುದು ಈ ಅಂಕಿಯನ್ನೇ. ಅಲ್ಲದೆ ಆಸ್ತಿ ಪಟ್ಟಿಯಲ್ಲಿ ಲೇತ್ ಯಂತ್ರವೇ ಇರುವುದಿಲ್ಲ. ತೆರಿಗೆ ಪರಿಶೀಲನೆಯಲ್ಲಿ ಆ ಖರ್ಚನ್ನು ಅಂಗೀಕರಿಸದಿದ್ದಲ್ಲಿ ಹೆಚ್ಚುವರಿ ತೆರಿಗೆ ಮತ್ತು ಬಡ್ಡಿ ಬೀಳುತ್ತದೆ.

3. ಮರುವರ್ಷದ ವೆಚ್ಚಗಳು

2025-26ರಲ್ಲಿ ಅದೇ ಯಂತ್ರದ ಬೇರಿಂಗ್ ಸವೆದು, ಬೆಲ್ಟ್ ಸಹಿತ ಬದಲಿಸಲು ರೂ. 14,000 ಖರ್ಚಾಗುತ್ತದೆ. ಮೋಟಾರ್ ಸುಟ್ಟು ರಿವೈಂಡಿಂಗ್‌ಗೆ ರೂ. 6,500 ತಗಲುತ್ತದೆ. ಇವೆರಡೂ ರಾಜಸ್ವ ವೆಚ್ಚಗಳು. ಏಕೆಂದರೆ ಯಂತ್ರವು ಮೊದಲು ಮಾಡುತ್ತಿದ್ದ ಕೆಲಸವನ್ನೇ ಮುಂದೆಯೂ ಮಾಡುತ್ತದೆ. ವೆಲ್ಡಿಂಗ್ ಕಡ್ಡಿ, ಆಯಿಲ್, ವಿದ್ಯುತ್ ಬಿಲ್ಲು ಮತ್ತು ಕೂಲಿಯೂ ಇದೇ ಗುಂಪಿಗೆ ಸೇರುತ್ತವೆ.

ಆದರೆ 10-12-2025ರಂದು, ದಪ್ಪ ಶಾಫ್ಟ್‌ಗಳನ್ನು ಕಡೆಯಲೆಂದು 5 ಅಶ್ವಶಕ್ತಿಯ ಮೋಟಾರ್‌ನ ಬದಲಿಗೆ 7.5 ಅಶ್ವಶಕ್ತಿಯ ಮೋಟಾರನ್ನು ರೂ. 28,000ಕ್ಕೆ ಕೂರಿಸಿ, ಹಳೆಯದನ್ನು ಬಿಡಿಯಾಗಿ ಇಟ್ಟುಕೊಂಡರೆ, ಯಂತ್ರದ ಸಾಮರ್ಥ್ಯ ಹೆಚ್ಚಿದ್ದರಿಂದ ಅದು ಬಂಡವಾಳ ವೆಚ್ಚವಾಗುತ್ತದೆ. ಆ ವರ್ಷ ಅದು 180 ದಿನಗಳಿಗಿಂತ ಕಡಿಮೆ ಬಳಕೆಯಾದ ಕಾರಣ ಅರ್ಧ ದರ, ಅಂದರೆ ಶೇ. 7.5ರಂತೆ ರೂ. 2,100 ಸವಕಳಿ ದೊರೆಯುತ್ತದೆ. ಹಳೆಯ ಬಾಕಿಯ ಮೇಲಿನ ರೂ. 38,250 ಸೇರಿ ಒಟ್ಟು ಸವಕಳಿ ರೂ. 40,350, ವರ್ಷಾಂತ್ಯಕ್ಕೆ ಉಳಿಯುವ ಬೆಲೆ ರೂ. 2,42,650.

ಇಡೀ ಯಂತ್ರವನ್ನೇ ತೆಗೆದು ಹೊಸತನ್ನು ಹಾಕಿದಲ್ಲಿ ಅದನ್ನು ದುರಸ್ತಿ ಎನ್ನಲಾಗದು. ನೂಲಿನ ಗಿರಣಿಯ ರಿಂಗ್ ಫ್ರೇಮ್ ತನ್ನಷ್ಟಕ್ಕೆ ಸ್ವತಂತ್ರ ಯಂತ್ರವಾಗಿದ್ದು, ಅದನ್ನು ಬದಲಿಸಿದ ವೆಚ್ಚವು ಚಾಲ್ತಿ ದುರಸ್ತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ತೀರ್ಪು ನೀಡಿದೆ.

4. ಸ್ಥಿರಾಸ್ತಿ ವಹಿ

ಮೇಲಿನ ಲೆಕ್ಕವನ್ನು ಎರಡು ವರ್ಷಗಳ ನಂತರ ನೆನಪಿನಿಂದ ಹೇಳುವುದು ಅಸಾಧ್ಯ. ಆದ್ದರಿಂದ ಪ್ರತಿಯೊಂದು ಯಂತ್ರಕ್ಕೂ ವಹಿಯಲ್ಲಿ ಒಂದು ಪುಟವನ್ನು ಮೀಸಲಿಟ್ಟು, ಈ ಕೆಳಕಂಡ ವಿವರಗಳನ್ನು ಬರೆಯತಕ್ಕದ್ದು.

(ಅ) ಆಸ್ತಿ ಸಂಖ್ಯೆ. ಇದನ್ನೇ ಯಂತ್ರದ ಮೇಲೂ ಬಣ್ಣದಿಂದ ಬರೆಸುವುದು.
(ಆ) ತಯಾರಕರ ಹೆಸರು, ಯಂತ್ರದ ಕ್ರಮ ಸಂಖ್ಯೆ, ಇರಿಸಿರುವ ಸ್ಥಳ.
(ಇ) ಖರೀದಿ ದಿನಾಂಕ ಮತ್ತು ಬಳಕೆಗೆ ಬಂದ ದಿನಾಂಕ, ಪ್ರತ್ಯೇಕವಾಗಿ.
(ಈ) ಬಿಲ್ಲಿನ ಸಂಖ್ಯೆ, ಪಾವತಿಯ ವಿಧಾನ ಮತ್ತು ಬೆಲೆಗೆ ಸೇರಿದ ಪ್ರತಿ ಬಾಬ್ತು.
(ಉ) ನಂತರ ಸೇರಿಸಿದ ಬಂಡವಾಳ ವೆಚ್ಚ, ವರ್ಷವಾರು ಸವಕಳಿ, ಉಳಿದ ಬೆಲೆ.
(ಊ) ಮಾರಾಟ, ಕಳವು ಅಥವಾ ಗುಜರಿಗೆ ಹಾಕಿದ ದಿನಾಂಕ ಮತ್ತು ಬಂದ ಹಣ.

ಪಾವತಿಯ ವಿಧಾನವನ್ನು ಬರೆಯಲು ಕಾರಣವಿದೆ. ಆಸ್ತಿಯ ಖರೀದಿಗಾಗಿ ಒಬ್ಬ ವ್ಯಕ್ತಿಗೆ ಒಂದೇ ದಿನ ರೂ. 10,000ಕ್ಕಿಂತ ಹೆಚ್ಚು ನಗದು ನೀಡಿದಲ್ಲಿ, ಆ ಮೊತ್ತವನ್ನು ಸವಕಳಿಯ ಲೆಕ್ಕಕ್ಕೆ ಆಸ್ತಿಯ ಬೆಲೆಯಾಗಿ ಪರಿಗಣಿಸಲಾಗುವುದಿಲ್ಲ. ಹಳೆಯ ಯಂತ್ರಗಳ ವ್ಯವಹಾರ ಹೆಚ್ಚಾಗಿ ನಗದಿನಲ್ಲಿಯೇ ನಡೆಯುವುದರಿಂದ ಈ ಅಂಶವನ್ನು ಗಮನಿಸತಕ್ಕದ್ದು. ಹಾಗೆಯೇ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆಯನ್ನು ಪಡೆದಿದ್ದಲ್ಲಿ, ಆ ತೆರಿಗೆಯನ್ನು ಯಂತ್ರದ ಬೆಲೆಗೆ ಸೇರಿಸುವಂತಿಲ್ಲ.

ವರ್ಷಕ್ಕೊಮ್ಮೆ, ಮಾರ್ಚ್ ಅಂತ್ಯದಲ್ಲಿ, ವಹಿಯನ್ನು ಕೈಯಲ್ಲಿ ಹಿಡಿದು ಒಂದೊಂದು ಯಂತ್ರವನ್ನೂ ಸ್ಥಳದಲ್ಲಿ ನೋಡಿ ಗುರುತು ಹಾಕುವುದು ಅವಶ್ಯ. ವಹಿಯಲ್ಲಿದ್ದು ಸ್ಥಳದಲ್ಲಿ ಇಲ್ಲದ ಯಂತ್ರ ಮಾರಾಟವೋ ಕಳವೋ ಆಗಿರುತ್ತದೆ. ಸ್ಥಳದಲ್ಲಿದ್ದು ವಹಿಯಲ್ಲಿ ಇಲ್ಲದ ಯಂತ್ರದ ಬೆಲೆ ಬಹುಶಃ ಖರ್ಚಿನ ಖಾತೆಯಲ್ಲಿ ಸೇರಿಹೋಗಿರುತ್ತದೆ. ಬೆಂಕಿ ಅಥವಾ ಕಳವಿನ ನಂತರ ವಿಮಾ ಪರಿಹಾರ ಕೇಳುವಾಗ, ಯಂತ್ರವಿತ್ತು ಎಂಬುದಕ್ಕೆ ಈ ವಹಿ ಮತ್ತು ಮೂಲ ಬಿಲ್ಲು ಮುಖ್ಯ ಆಧಾರಗಳಾಗುತ್ತವೆ. ಕಾರಣ ಬಿಲ್ಲುಗಳ ಒಂದು ಪ್ರತಿಯನ್ನು ಕಾರ್ಯಾಗಾರದ ಹೊರಗೆ ಇರಿಸುವುದು ಒಳಿತು.

5. ವಿಶೇಷ ಸೂಚನೆ

ವಹಿವಾಟಿನ ನಿಗದಿತ ಶೇಕಡಾವಾರನ್ನು ಆದಾಯವೆಂದು ತೋರಿಸುವ ಅಂದಾಜು ಆದಾಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ. ಆದರೂ ಆ ವರ್ಷಗಳ ಸವಕಳಿ ಕಳೆದಿದೆಯೆಂದೇ ಭಾವಿಸಿ ಆಸ್ತಿಯ ಬೆಲೆಯನ್ನು ತಗ್ಗಿಸಲಾಗುತ್ತದೆ. ಆದ್ದರಿಂದ ಅಂತಹವರು ಸಹ ವಹಿಯಲ್ಲಿ ವರ್ಷವಾರು ಲೆಕ್ಕವನ್ನು ಬರೆದಿಡತಕ್ಕದ್ದು. ಇಲ್ಲವಾದಲ್ಲಿ ಸಾಮಾನ್ಯ ಪದ್ಧತಿಗೆ ಮರಳಿದ ವರ್ಷ ಯಾವ ಬೆಲೆಯಿಂದ ಆರಂಭಿಸಬೇಕೆಂಬುದು ತಿಳಿಯುವುದಿಲ್ಲ.