ಸತ್ತೇಚಾಳೀಸ್ ಮತ್ತು ನಲವತ್ತೇಳು

ಪಿಂಪ್ರಿ-ಚಿಂಚವಾಡದಲ್ಲಿ ಮರಾಠಿ ಶಾಲೆಗೆ ಹೋಗುವ ಕನ್ನಡ ಮನೆಯ ಮಗುವಿಗೆ 47 ಎಂಬ ಸಂಖ್ಯೆಗೆ ಎರಡು ಹೆಸರು. ಮನೆಯಲ್ಲಿ ‘ನಲವತ್ತೇಳು’, ಮೊದಲು ಹತ್ತು, ಆಮೇಲೆ ಬಿಡಿ. ಶಾಲೆಯಲ್ಲಿ ‘ಸತ್ತೇಚಾಳೀಸ್’, ಮೊದಲು ಏಳು, ಆಮೇಲೆ ನಲವತ್ತು. ಕಿವಿಗೆ ಬಿದ್ದ ಕ್ರಮದಲ್ಲೇ ಬರೆದರೆ 74 ಆಗುತ್ತದೆ.

2019ರಲ್ಲಿ ಪುಣೆಯ ಬಾಲಭಾರತಿ ತನ್ನ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ‘ಏಕವೀಸ್’ ಜೊತೆಗೆ ‘ವೀಸ್ ಏಕ್’ ಎಂಬ ಓದನ್ನೂ ಕೊಟ್ಟಿತು. ಗಣಿತ ಸಮಿತಿಯ ನೇತೃತ್ವ ವಹಿಸಿದ್ದ ಮಂಗಲಾ ನಾರಳೀಕರ್, ದಕ್ಷಿಣದ ಭಾಷೆಗಳಲ್ಲಿ ಈ ಕ್ರಮ ಆಗಲೇ ಇದೆ ಎಂದು ತೋರಿಸಿದರು. ಭಾಷೆ ಕೆಡುತ್ತದೆ ಎಂಬ ಗದ್ದಲ ವಿಧಾನಸಭೆಯನ್ನೂ ಮುಟ್ಟಿತು.

ತಪ್ಪು ಎಲ್ಲಿದೆ ಎಂದು ತಿಳಿಯಲು ಬೆಂಕಿಕಡ್ಡಿ ಸಾಕು. ಹತ್ತತ್ತು ಕಡ್ಡಿಗೆ ರಬ್ಬರ್ ಹಾಕಿ ಕಟ್ಟು ಮಾಡಿ, ಬಿಡಿ ಕಡ್ಡಿಗಳನ್ನೂ ಇಡಿ. ‘ಸತ್ತೇಚಾಳೀಸ್ ಕೊಡು’ ಅನ್ನಿ. ಮಗು ನಾಲ್ಕು ಕಟ್ಟು, ಏಳು ಬಿಡಿ ಕೊಟ್ಟು 74 ಎಂದು ಬರೆದರೆ ಎಡವಿದ್ದು ಬರವಣಿಗೆಯಲ್ಲಿ ಮಾತ್ರ. ಏಳು ಕಟ್ಟು ಕೊಟ್ಟರೆ ಹೆಸರೇ ಅರ್ಥವಾಗಿಲ್ಲ.

ಅದಕ್ಕೆ 25 ಸೇರಿಸುವಾಗ ಕಟ್ಟುಗಳಿಂದಲೇ ಶುರುಮಾಡಿ: ನಾಲ್ಕು, ಎರಡು, ಒಟ್ಟು ಆರು ಕಟ್ಟು. ಬಿಡಿ ಹನ್ನೆರಡು, ಅದರಲ್ಲಿ ಹತ್ತನ್ನು ಕಟ್ಟಿದರೆ ಏಳು ಕಟ್ಟು, ಎರಡು ಬಿಡಿ. ಎಪ್ಪತ್ತೆರಡು. ಕೆಲವು ದಿನ ಹೀಗೆ ಆಡಿದ ಮೇಲೆ ಕಡ್ಡಿಗಳನ್ನು ಬಟ್ಟೆಯಡಿ ಮುಚ್ಚಿ ಕೇಳಿ. ಬಾಯಿಲೆಕ್ಕ ಅಲ್ಲಿಂದ ಶುರು.

ಆದರೂ ಸಂತೆಯಲ್ಲಿ ತರಕಾರಿಯವರು ಹೇಳುವುದು ‘ಸತ್ತೇಚಾಳೀಸ್’ ಎಂದೇ. ಹಾಗಾಗಿ ಹಳೆಯ ಹೆಸರನ್ನು ಬಿಡುವಂತಿಲ್ಲ. ನಮ್ಮ ಮಕ್ಕಳಿಗೆ ಮನೆಯ ‘ನಲವತ್ತೇಳು’ ಅದನ್ನು ಬಿಡಿಸುವ ಕೀಲಿ.