75 ಮಿ.ಮೀ. ಅಳತೆ ಮತ್ತು ಮನೆಬಳಕೆಯ ಕೊಬ್ಬರಿ: ವಿಂಗಡಣೆಯ ಒಂದು ಮರುವಿಚಾರ

ಚಿಕ್ಕನಾಯಕನಹಳ್ಳಿ, ತುರುವೇಕೆರೆ, ತಿಪಟೂರು ಸೀಮೆಯಲ್ಲಿ ಬಲಿತ ಕಾಯಿಯನ್ನು ಮಟ್ಟೆಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಒಳಗಿನ ನೀರು ಇಂಗಿ ಗಿಟುಕು ಕರಟದೊಳಗೆ ಗಲಗಲ ಎನ್ನುವ ಹೊತ್ತಿಗೆ ಸುಲಿಯುವ ಕ್ರಮ ಎಲ್ಲರಿಗೂ ತಿಳಿದದ್ದೇ. ತಿಪಟೂರು ಮಾರುಕಟ್ಟೆಯ ಆನ್‌ಲೈನ್ ಟೆಂಡರಿನಲ್ಲಿ ದರ ನಮೂದಿಸುವವರು ವರ್ತಕರು, ಮನೆಯವರಲ್ಲ. ಹಾಗಾಗಿ ರೈತ ನೇರವಾಗಿ ಮನೆಗೆ ಕಳಿಸುವ ಮಾರಾಟವನ್ನು ಬೇರೆಯಾಗಿಯೇ ನೋಡಬೇಕು.

ಬೆಂಬಲ ಬೆಲೆಯ ಖರೀದಿಯಲ್ಲಿ ಉಂಡೆ ಕೊಬ್ಬರಿ ಕನಿಷ್ಠ 75 ಮಿ.ಮೀ. ಗಾತ್ರವಿರಬೇಕು, ತೇವಾಂಶ ಶೇ. 7 ಮೀರಬಾರದು. ಇದೇ ಅಳತೆಯನ್ನು ಮನೆಮಾರಾಟಕ್ಕೂ ಹಿಡಿಯಬೇಕೆಂಬ ಮಾತು ನನಗೆ ಒಪ್ಪಿಗೆಯಿಲ್ಲ. ಗಾತ್ರ ಹೊರಗಿನಿಂದ ಕಾಣುತ್ತದೆ. ಕೊಬ್ಬರಿ ಕೆಡುವುದು ಒಳಗೆ. ಅರೆಬರೆ ಒಣಗಿದ ಗಿಟುಕಿನ ಟೊಳ್ಳಿನಲ್ಲಿ ಬೂಷ್ಟು ಬಂದರೂ ಹೊರಮೈ ಚೊಕ್ಕಟವಾಗಿಯೇ ಇರಬಹುದು. ರಾಶಿಯಿಂದ ನಾಲ್ಕಾರು ಗಿಟುಕು ಒಡೆದು ನೋಡುವುದು ವರ್ತಕನಿಗೆ ಸಾಕು, ಏಕೆಂದರೆ ಅವನ ನಷ್ಟ ಇಡೀ ರಾಶಿಗೆ ಹಂಚಿಹೋಗುತ್ತದೆ. ಒಂದು ಕಿಲೋ ತರಿಸಿದ ಮನೆಗೆ ಸಿಕ್ಕ ಒಂದು ಕೌಟು ಗಿಟುಕು ಹಾಗೆ ಹಂಚಿಹೋಗುವುದಿಲ್ಲ.

ಆದ್ದರಿಂದ ಮನೆಗೆ ಕಳಿಸುವ ಗಿಟುಕನ್ನೆಲ್ಲ ಬಟ್ಟಲಾಗಿ ಸೀಳಿಯೇ ಆರಿಸಬೇಕು ಎಂಬುದು ನನ್ನ ವಾದ. ಒಣಗಿದ್ದು ಮುರಿದರೆ ಟಕ್ಕೆನ್ನುತ್ತದೆ, ಹಸಿ ಉಳಿದದ್ದು ಬಾಗುತ್ತದೆ. ಕಪ್ಪು ಕಲೆ, ಬೂಷ್ಟು ಕಣ್ಣಿಗೇ ಬೀಳುತ್ತವೆ. ಈ ಪರೀಕ್ಷೆಯಲ್ಲಿ ಗೆದ್ದ ಸಣ್ಣ ಗಿಟುಕು ಚಟ್ನಿಪುಡಿಗೂ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೂ ದೊಡ್ಡದರಷ್ಟೇ ಸಲ್ಲುತ್ತದೆ. ಆದರೆ ಈ ಮಾತನ್ನು ಎಲ್ಲ ಸಣ್ಣ ಗಿಟುಕಿಗೂ ಹಿಗ್ಗಿಸಲಾರೆ: ಬಲಿಯದ ಕಾಯಿಯದು ಸುಕ್ಕುಗಟ್ಟಿರುತ್ತದೆ, ಅದು ಕಿರಿದಾದದ್ದಕ್ಕಲ್ಲ, ಎಳಸಾದದ್ದಕ್ಕೆ ಹೊರಗುಳಿಯಬೇಕು. ಮಡಿಲು ತುಂಬುವ ಬಟ್ಟಲಿಗೆ ಗಾತ್ರವೂ ಅಂದವೂ ಬೇಕೇ ಬೇಕು.

ಸೀಳಿದ ಮೈಗೆ ಗಾಳಿ ತಗುಲಿ ಬೇಗ ಕಮಟು ಹಿಡಿಯುತ್ತದೆ ಎಂಬ ಆಕ್ಷೇಪ ನಿಜ. ಅಂಗಡಿಯ ಕಪಾಟಿಗೆ ಅದು ದೊಡ್ಡ ತೊಡಕು. ಆದರೆ ಮನೆಗೆ ನೇರವಾಗಿ ಕಳಿಸುವ ಆನ್‌ಲೈನ್ ಮಾರಾಟದಲ್ಲಿ ಬೇಡಿಕೆ ಮೊದಲು ಬರುತ್ತದೆ, ಸೀಳುವುದು ಆಮೇಲೆ. ಅಲ್ಲಿಯವರೆಗೆ ಗಿಟುಕು ಕರಟದೊಳಗೇ ಕಾದಿರಬಹುದು. ನೇರ ಮಾರಾಟದ ನಿಜವಾದ ಅನುಕೂಲ ನನಗೆ ಕಾಣುವುದು ಇಲ್ಲಿ, ದಲ್ಲಾಳಿಯ ಪಾಲು ಉಳಿಯುವುದರಲ್ಲಿ ಅಷ್ಟಾಗಿ ಅಲ್ಲ.

ಪ್ಯಾಕಿಂಗಿನಲ್ಲಿ ತೇವಾಂಶದ ಲೆಕ್ಕ ತೂಕಕ್ಕೂ ತಾಗುತ್ತದೆ. ಶೇ. 8 ತೇವವಿರುವ ಒಂದು ಕಿಲೋದಲ್ಲಿ ಒಣ ಪದಾರ್ಥ 920 ಗ್ರಾಂ. ಗಾಳಿಯಾಡುವ ಚೀಲದಲ್ಲಿ ಅದು ಶೇ. 6ಕ್ಕೆ ಇಳಿದರೆ ಒಟ್ಟು ತೂಕ ಸುಮಾರು 979 ಗ್ರಾಂ ಆಗುತ್ತದೆ: ಚೀಟಿಯ ಮೇಲೆ ಬರೆದದ್ದಕ್ಕಿಂತ 21 ಗ್ರಾಂ ಕಡಿಮೆ. ಗಾಳಿಯಾಡದ ಚೀಲದಲ್ಲಿ ತೂಕ ಉಳಿದರೂ ಆ ತೇವ ಒಳಗೇ ನಿಂತು ಬೂಷ್ಟಿಗೆ ದಾರಿ ಮಾಡುತ್ತದೆ. ಬಿಸಿಲಿನಿಂದ ತೆಗೆದ ಬಟ್ಟಲನ್ನು ಆರುವ ಮುನ್ನವೇ ಕಟ್ಟಿದರೆ ಚೀಲದೊಳಗೆ ಬೆವರೊಡೆಯುವುದೂ ಉಂಟು.

ಮಳೆಗಾಲದ ಸಾಗಣೆಯಲ್ಲಿ ಸೀಳಿದ ಬಟ್ಟಲು ಎಷ್ಟು ದಿನ ತಾಳುತ್ತದೆ, ಸೀಳಿ ಆರಿಸುವ ಕೂಲಿ, ಹೊರಬಿದ್ದ ಕೌಟಿನ ನಷ್ಟ ಎರಡನ್ನೂ ಮನೆಯವರು ಕೊಡುವ ಬೆಲೆ ತುಂಬುತ್ತದೆಯೇ ಎಂಬುದನ್ನು ಅಟ್ಟ ಅಟ್ಟದಲ್ಲೇ ಅಳೆದು ನೋಡುವುದು ಬಾಕಿಯಿದೆ.